ಬಾಯಿಯಿಲ್ಲದ ಹುತ್ತ ಉಸಿರಾಡುವ ಬಗೆ: ಗೆದ್ದಲಿನ ಗಾಳಿಗೊಳವೆ ಮತ್ತು ಅಣಬೆ ತೋಟದ ಟಿಪ್ಪಣಿ

ಗೋವಾದ ಫೋಂಡಾ ಬಳಿಯ ಗೇರುಗುಡ್ಡವೊಂದರಲ್ಲಿ ರಸ್ತೆಯನ್ನು ಅಗಲಿಸುವಾಗ ಒಂದು ಹುತ್ತ ನೆತ್ತಿಯಿಂದ ಬುಡದವರೆಗೆ ಸೀಳಿ ನಿಂತಿತ್ತು. ವಾಸ್ಕೋದಲ್ಲಿ ಭಾನುವಾರಗಳಂದು ಸೇರಿ ಜೀವಶಾಸ್ತ್ರ ಓದುವ ನಮ್ಮ ಕನ್ನಡ ಗೆಳೆಯರ ಗುಂಪು ಅದನ್ನು ನೋಡಲು ಹೋಗಿತ್ತು. ಆ ಸೀಳಿನಲ್ಲಿ ಕಂಡದ್ದನ್ನು ಓದಿನೊಂದಿಗೆ ಹೊಂದಿಸಿಕೊಳ್ಳಲು ನನಗೆ ಸುಮಾರು ಎರಡು ವಾರ ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ರಾಣಿ, ರಾಜ, ಕೆಲಸಗಾರ, ಸೈನಿಕ ಎಂಬ ವಿಂಗಡಣೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಅದನ್ನು ಬಿಟ್ಟಿದ್ದೇನೆ. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಒಡೊಂಟೋಟರ್ಮಿಸ್ ಒಬೇಸಸ್ ಎಂಬ, ಭಾರತದಲ್ಲಿ ವ್ಯಾಪಕವಾಗಿ ಕಾಣುವ, ಗೋಪುರದಂತಹ ಹುತ್ತ ಕಟ್ಟುವ ಗೆದ್ದಲಿನ ಕುರಿತು.

ಮೊದಲು ಮನಸ್ಸಿನಿಂದ ತೆಗೆಯಬೇಕಾದ ತಪ್ಪು ಕಲ್ಪನೆಯೆಂದರೆ, ಗೆದ್ದಲುಗಳು ಹುತ್ತದ ಗೋಪುರದೊಳಗೆ ವಾಸಿಸುತ್ತವೆ ಎಂಬುದು. ಗೂಡು ಇರುವುದು ನೆಲಮಟ್ಟದಲ್ಲಿ ಮತ್ತು ಅದರ ಕೆಳಗೆ. ರಾಣಿಯ ಕೋಣೆ, ಮರಿಗಳು, ಅಣಬೆ ತೋಟ ಎಲ್ಲವೂ ಅಲ್ಲಿಯೇ. ಮೇಲೆ ನಿಂತ ಗೋಪುರ ಬಹುಪಾಲು ಟೊಳ್ಳು. ನಾವು ನೋಡಿದ ಸೀಳಿನಲ್ಲಿ ನಡುವೆ ಒಂದು ಅಗಲವಾದ ಕೊಳವೆ ಮೇಲಕ್ಕೆ ಹೋಗಿತ್ತು. ಹೊರಮೈಯ ಪ್ರತಿಯೊಂದು ಏಣಿನೊಳಗೂ ಒಂದೊಂದು ಕಿರಿದಾದ ಕೊಳವೆಯಿತ್ತು. ಇವೆರಡೂ ಮೇಲೆಯೂ ಕೆಳಗೆಯೂ ಸಣ್ಣ ದಾರಿಗಳಿಂದ ಕೂಡಿಕೊಂಡಿದ್ದವು. ಇನ್ನು ಮುಂದೆ ಅವನ್ನು ನಡುಗೊಳವೆ, ಪಕ್ಕೆಗೊಳವೆ ಎಂದೇ ಕರೆಯುತ್ತೇನೆ.

ಗಾಳಿ ಹೊರಗೆ ಹೋಗುವ ಬಾಯಿ ಎಲ್ಲಿ?

ನಾನು ಸಿಕ್ಕಿಬಿದ್ದದ್ದು ಇಲ್ಲಿ. ಅಡುಗೆಮನೆಯ ಹೊಗೆಗೂಡಿನಂತೆ ಗೂಡಿನ ಬಿಸಿಗಾಳಿ ನಡುಗೊಳವೆಯಲ್ಲಿ ಏರಿ ತುದಿಯಿಂದ ಹೊರಬೀಳುತ್ತದೆ, ಬುಡದಿಂದ ಹೊಸ ಗಾಳಿ ಒಳಬರುತ್ತದೆ ಎಂದು ಭಾವಿಸಿದ್ದೆ. ಆದರೆ ಈ ಜಾತಿಯ ಹುತ್ತದ ತುದಿಯಲ್ಲಿ ತೂತು ಇರುವುದಿಲ್ಲ. ಹೊರಗೋಡೆಯಲ್ಲಿ ಒಂದು ರಂಧ್ರ ಮಾಡಿದರೂ ಕೆಲಸಗಾರರು ಒದ್ದೆಮಣ್ಣಿನ ಉಂಡೆಗಳನ್ನು ತಂದು ಅದನ್ನು ಮುಚ್ಚಲು ತೊಡಗುತ್ತವೆ.

1961ರಲ್ಲಿ ಸ್ವಿಸ್ ವಿಜ್ಞಾನಿ ಮಾರ್ಟಿನ್ ಲ್ಯೂಷರ್, ಆಫ್ರಿಕಾದ ಮುಚ್ಚಿದ ಹುತ್ತಗಳ ಬಗ್ಗೆ ಬೇರೊಂದು ವಿವರಣೆ ಕೊಟ್ಟರು. ಗೂಡಿನ ಜೀವಿಗಳ ಶಾಖದಿಂದ ಗಾಳಿ ನಡುವೆ ಏರುತ್ತದೆ, ಪಕ್ಕೆಗಳಲ್ಲಿ ಇಳಿಯುತ್ತದೆ, ಇಳಿಯುವಾಗ ತೆಳುಗೋಡೆಯ ಮೂಲಕ ಇಂಗಾಲದ ಡೈಆಕ್ಸೈಡನ್ನು ಹೊರಬಿಟ್ಟು ಆಮ್ಲಜನಕವನ್ನು ಪಡೆಯುತ್ತದೆ ಎಂಬುದು ಅವರ ವಾದ. ಇದರಲ್ಲಿ ಗಾಳಿ ಹೊರಗೆ ಹರಿಯಬೇಕಾಗಿಲ್ಲ. ಒಳಗೇ ಸುತ್ತಿದರೆ ಸಾಕು, ಅನಿಲಗಳ ವಿನಿಮಯವನ್ನು ಗೋಡೆಯ ಸೂಕ್ಷ್ಮ ರಂಧ್ರಗಳು ನೋಡಿಕೊಳ್ಳುತ್ತವೆ.

ಗೋಡೆಯೇ ಅನಿಲವನ್ನು ಬಿಡುತ್ತದೆ ಎಂದಾದರೆ ಕೊಳವೆಗಳ ಅಗತ್ಯವೇನು ಎಂಬುದು ನನ್ನ ಮುಂದಿನ ಪ್ರಶ್ನೆಯಾಯಿತು. ಒಂದು ಸಣ್ಣ ಲೆಕ್ಕ ಇದನ್ನು ಬಿಡಿಸುತ್ತದೆ. ಗಾಳಿ ನಿಶ್ಚಲವಾಗಿದ್ದಾಗ ಅನಿಲ ತಾನಾಗಿಯೇ ಹರಡಿಕೊಳ್ಳಲು ಬೇಕಾಗುವ ಕಾಲ ಸುಮಾರಾಗಿ t ≈ L²/D. ಇಲ್ಲಿ L ಎಂದರೆ ದೂರ; D ಎಂದರೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವ ಗುಣಾಂಕ, ಸೆಕೆಂಡಿಗೆ ಸುಮಾರು 0.16 ಚದರ ಸೆಂಟಿಮೀಟರ್. ದೂರ 1 ಸೆಂಟಿಮೀಟರ್ ಆದರೆ 1 ÷ 0.16, ಅಂದರೆ ಸುಮಾರು 6 ಸೆಕೆಂಡು. ದೂರ 1 ಮೀಟರ್ ಆದರೆ 10,000 ÷ 0.16, ಅಂದರೆ 62,500 ಸೆಕೆಂಡು, ಹೆಚ್ಚುಕಡಿಮೆ 17 ಗಂಟೆ. ದೂರ ನೂರು ಪಟ್ಟು ಹೆಚ್ಚಿದರೆ ಕಾಲ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಗೋಡೆಯ ರಂಧ್ರಗಳು ಸಂದುಗೊಂದಿನವಾದ್ದರಿಂದ ಅಲ್ಲಿ ಈ 6 ಸೆಕೆಂಡು ಇನ್ನಷ್ಟು ಹಿಗ್ಗುತ್ತದೆ. ಆದರೂ ತೆಳುಗೋಡೆಯನ್ನು ದಾಟುವುದು ಸುಲಭ, ಗೂಡಿನಿಂದ ಗೋಡೆಯವರೆಗೆ ತಲುಪುವುದೇ ಕಷ್ಟ. ಕೊಳವೆಯಲ್ಲಿ ಗಾಳಿ ಸೆಕೆಂಡಿಗೆ ಕೇವಲ 1 ಸೆಂಟಿಮೀಟರ್ ಚಲಿಸಿದರೂ ಆ ಒಂದು ಮೀಟರನ್ನು 100 ಸೆಕೆಂಡಿನಲ್ಲಿ ಮುಗಿಸುತ್ತದೆ. ದೂರದ ಸಾಗಾಟ ಕೊಳವೆಯದು, ಕೊನೆಯ ದಾಟುವಿಕೆ ಗೋಡೆಯದು. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಿದ ಮೇಲೆಯೇ ನನಗೆ ಹುತ್ತದ ಆಕಾರ ಅರ್ಥವಾದದ್ದು.

ಹಾಗಾದರೆ ಗಾಳಿಯನ್ನು ತಳ್ಳುವುದು ಯಾವುದು? 2015ರಲ್ಲಿ ಹಂಟರ್ ಕಿಂಗ್, ಸ್ಯಾಮುಯೆಲ್ ಒಕೊ ಮತ್ತು ಎಲ್. ಮಹಾದೇವನ್ ಅವರು ಪ್ರಕಟಿಸಿದ ಅಧ್ಯಯನ ಇದೇ ಒಬೇಸಸ್ ಹುತ್ತಗಳ ಮೇಲೆ, ಬೆಂಗಳೂರಿನಲ್ಲಿ ನಡೆದದ್ದು. ಹುತ್ತದೊಳಗೆ ಪುಟ್ಟ ಹರಿವುಮಾಪಕಗಳನ್ನು ತೂರಿಸಿ ಅವರು ನೇರವಾಗಿ ಅಳೆದಾಗ, ಗಾಳಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತಿರುವುದೂ, ಹಗಲಿನಲ್ಲಿ ಒಂದು ದಿಕ್ಕಿಗೆ ಹೋಗುವ ಹರಿವು ರಾತ್ರಿಯಲ್ಲಿ ತಿರುಗಿ ಹರಿಯುವುದೂ ಕಂಡುಬಂತು. ಲ್ಯೂಷರ್ ಹೇಳಿದಂತೆ ಗೂಡಿನ ಶಾಖವೇ ಕಾರಣವಾಗಿದ್ದರೆ ದಿಕ್ಕು ಬದಲಾಗಬಾರದಿತ್ತು. ಗೆದ್ದಲುಗಳಿಲ್ಲದ ಸತ್ತ ಹುತ್ತದಲ್ಲಿಯೂ ಇದೇ ಲಯ ಕಂಡದ್ದರಿಂದ, ತಳ್ಳುವ ಶಕ್ತಿ ಹೊರಗಿನ ಹಗಲು–ರಾತ್ರಿಯ ತಾಪವ್ಯತ್ಯಾಸದ್ದು ಎಂಬುದು ಖಚಿತವಾಯಿತು.

ಕಾರಣ ಸರಳವಾದದ್ದು. ಬಿಸಿಲಿಗಿಟ್ಟ ಹಪ್ಪಳ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಅಂಗಳದ ರುಬ್ಬುಕಲ್ಲು ನಿಧಾನವಾಗಿ ಕಾದು ರಾತ್ರಿಯಾದರೂ ಬೆಚ್ಚಗಿರುತ್ತದೆ. ಹೊರಗಿನ ಏಣುಗಳು ಹಪ್ಪಳದಂತೆ, ದಪ್ಪ ಮಣ್ಣಿನ ನಡುಭಾಗ ರುಬ್ಬುಕಲ್ಲಿನಂತೆ. ಹಗಲು ಪಕ್ಕೆಗೊಳವೆಯ ಗಾಳಿ ಬಿಸಿಯಾಗಿ ಏರುತ್ತದೆ, ನಡುಗೊಳವೆಯ ಗಾಳಿ ಇಳಿಯುತ್ತದೆ. ರಾತ್ರಿ ಪಕ್ಕೆಗಳು ತಣ್ಣಗಾಗಿ ಅಲ್ಲಿಯ ಗಾಳಿ ಇಳಿಯುತ್ತದೆ, ನಡುವಿನದು ಏರುತ್ತದೆ. ನನ್ನ ಅಡ್ಡದಾರಿ ಇಷ್ಟೇ: ಆ ಹೊತ್ತಿಗೆ ಬಿಸಿಯಾಗಿರುವುದು ಯಾವುದು ಎಂದು ಕೇಳಿಕೊಂಡರೆ ಗಾಳಿ ಏರುವ ಕೊಳವೆ ಅದೇ.

ಇದಾದ ಮೇಲೂ ಒಂದು ಸಂಶಯ ನನ್ನನ್ನು ಬಹಳ ಕಾಡಿತು. ದಿಕ್ಕು ತಿರುಗಿದರೆ ಹಗಲು ಹೋದದ್ದೆಲ್ಲ ರಾತ್ರಿ ವಾಪಸು ಬಂದು ಲಾಭ ಸೊನ್ನೆಯಾಗುವುದಿಲ್ಲವೇ? ಗುಂಪಿನ ಹಿರಿಯರಾದ ಅಕ್ಕ ಒಬ್ಬರು, "ನೀನು ಅದನ್ನು ದೋಣಿಯ ಹುಟ್ಟಿನಂತೆ ಹಿಂದೆ ಮುಂದೆ ಎಂದು ನೋಡುತ್ತಿದ್ದೀಯ, ಗಾಣದ ಎತ್ತಿನಂತೆ ಸುತ್ತು ಎಂದು ನೋಡು" ಎಂದರು. ಅಲ್ಲಿಂದ ದಾರಿ ತೆರೆಯಿತು. ಒಂದೂವರೆ ಮೀಟರ್ ಎತ್ತರದ ಹುತ್ತವನ್ನು ತೆಗೆದುಕೊಳ್ಳೋಣ. ಏರಿಳಿತ ಸೇರಿ ಒಂದು ಸುತ್ತಿನ ದಾರಿ ಸುಮಾರು 3 ಮೀಟರ್. ಸೆಕೆಂಡಿಗೆ 1 ಸೆಂಟಿಮೀಟರಿನಂತೆ 300 ಸೆಕೆಂಡು, ಅಂದರೆ 5 ನಿಮಿಷ. ಗಂಟೆಗೆ 12 ಸುತ್ತು. ದಿಕ್ಕು ಬದಲಾಗುವುದು ದಿನಕ್ಕೆ ಎರಡೇ ಬಾರಿ. ಪ್ರತಿಯೊಂದು ಸುತ್ತಿನಲ್ಲಿಯೂ ಗಾಳಿ ಒಮ್ಮೆ ಕೆಳಗಿನ ಗೂಡಿನ ಬಳಿಯೂ ಒಮ್ಮೆ ತೆಳುಗೋಡೆಯ ಬಳಿಯೂ ಹಾದುಹೋಗುವುದರಿಂದ, ಎತ್ತು ಎಡಕ್ಕೆ ಸುತ್ತಿದರೂ ಬಲಕ್ಕೆ ಸುತ್ತಿದರೂ ಗಾಣ ನಡೆಯುತ್ತದೆ.

ಆದರೂ ಎರಡು ಹೊತ್ತುಗಳು ಸಮಾನವಲ್ಲ. ಹಗಲಿನಲ್ಲಿ ಮೇಲ್ಭಾಗ ಬಿಸಿ, ತಳ ತಂಪು. ತಂಪಾದ ಭಾರದ ಗಾಳಿ ಕೆಳಗೇ ಉಳಿಯಲು ಬಯಸುತ್ತದೆ. ಅದರಿಂದ ಗೂಡಿನಲ್ಲಿ ಇಂಗಾಲದ ಡೈಆಕ್ಸೈಡ್ ಹಗಲೆಲ್ಲ ಸೇರುತ್ತಾ ಹೋಗಿ, ಹೊರಗಿನ ಗಾಳಿಯ ಶೇಕಡಾ 0.04ಕ್ಕೆ ಹೋಲಿಸಿದರೆ ಎಷ್ಟೋ ಪಟ್ಟು ಹೆಚ್ಚಾಗುತ್ತದೆ, ರಾತ್ರಿಯ ಹರಿವಿನಲ್ಲಿ ತೊಳೆದುಹೋಗುತ್ತದೆ. ಮಿತಿಯೂ ಇಲ್ಲಿಯೇ ಗೊತ್ತಾಗುತ್ತದೆ: ಒಳಹೊರಗಿನ ತಾಪ ಸಮನಾಗುವ ಹೊತ್ತಿನಲ್ಲಿ ಗಾಳಿಯನ್ನು ತಳ್ಳುವುದಕ್ಕೆ ಏನೂ ಇರುವುದಿಲ್ಲ. ಗೋವಾದ ಜುಲೈ ತಿಂಗಳಂತೆ ದಿನವಿಡೀ ಮೋಡ ಕವಿದು ಹಗಲು–ರಾತ್ರಿಯ ಅಂತರ ಕುಗ್ಗಿದಾಗ ಈ ಯಂತ್ರದ ಬಲ ಕುಗ್ಗಲೇಬೇಕು. ಗೋಡೆಯ ರಂಧ್ರಗಳಲ್ಲಿ ನೀರು ನಿಂತರಂತೂ ಇನ್ನೂ ಕಷ್ಟ, ಏಕೆಂದರೆ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ.

ಇಷ್ಟು ಗಾಳಿ ಯಾರಿಗೆ ಬೇಕು?

ಗೆದ್ದಲುಗಳಿಗಷ್ಟೇ ಅಲ್ಲ, ಅವುಗಳ ತೋಟಕ್ಕೆ. ಸೀಳಿನ ತಳದ ಕೋಣೆಗಳಲ್ಲಿ ಅಕ್ರೋಟಿನ ತಿರುಳಿನಂತೆ ಸುಕ್ಕುಸುಕ್ಕಾದ, ಕಂದುಬೂದು ಬಣ್ಣದ, ಮುಟ್ಟಿದರೆ ಪುಡಿಯಾಗುವ ಮುದ್ದೆಗಳಿದ್ದವು. ಜೇನು ಸಾಕುವವರ ಮಾತನ್ನೇ ಎರವಲು ಪಡೆದು ಇದನ್ನು ಎರಿ ಎನ್ನುತ್ತೇನೆ. ಅದರ ಮೈಮೇಲೆ ಸಾಸಿವೆಗಾತ್ರದ ಬಿಳಿ ಗುಂಡುಗಳು. ಇವು ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರದವು. ಗೆದ್ದಲಿನ ಮೊಟ್ಟೆಗಳೆಂದು ನಮ್ಮಲ್ಲಿ ಇಬ್ಬರು ತಪ್ಪು ತಿಳಿದಿದ್ದರು. ಮೊಟ್ಟೆ ಉದ್ದುದ್ದವಾಗಿ ಬಿಡಿಯಾಗಿರುತ್ತದೆ, ಗುಂಡು ದುಂಡಗಿದ್ದು ಎರಿಗೆ ಅಂಟಿರುತ್ತದೆ.

ಕೃಷಿಯ ಕ್ರಮ ಹೀಗಿದೆ. ಕೆಲಸಗಾರರು ಒಣ ಎಲೆ, ಕಡ್ಡಿ, ಮರದ ಚೂರುಗಳನ್ನು ತರುತ್ತವೆ. ಕಿರಿಯ ಕೆಲಸಗಾರರು ಅದನ್ನು ಬಿಳಿ ಗುಂಡುಗಳ ಜೊತೆಗೆ ತಿನ್ನುತ್ತವೆ. ಗುಂಡುಗಳಲ್ಲಿರುವ ಬೀಜಕಣಗಳು ಹೊಟ್ಟೆಯಲ್ಲಿ ಸಾಯುವುದಿಲ್ಲ. ಆಹಾರ ಕರುಳನ್ನು ಬೇಗನೆ ದಾಟಿ, ಅರೆಜೀರ್ಣವಾದ ಸ್ಥಿತಿಯಲ್ಲಿಯೇ, ಬೀಜ ಬೆರೆತ ಗೊಬ್ಬರವಾಗಿ ಎರಿಯ ಮೇಲ್ಭಾಗದಲ್ಲಿ ಬೀಳುತ್ತದೆ. ಅಂದರೆ ಉಳುವುದು, ಗೊಬ್ಬರ ಹಾಕುವುದು, ಬಿತ್ತುವುದು ಮೂರೂ ಒಂದೇ ಕ್ರಿಯೆ. ಶಿಲೀಂಧ್ರ ಬೆಳೆಯುತ್ತಾ ಗೆದ್ದಲಿಗೆ ಕಷ್ಟವಾದ ಮರದ ಲಿಗ್ನಿನ್ ಅನ್ನು ಒಡೆಯುತ್ತದೆ, ಸಾರಜನಕ ಹೆಚ್ಚಿರುವ ಗುಂಡುಗಳನ್ನು ಬಿಡುತ್ತದೆ. ವಾರಗಳು ಕಳೆದು ಹಳತಾದ ಕೆಳಭಾಗವನ್ನು ಹಿರಿಯ ಕೆಲಸಗಾರರು ತಿಂದು ಪೂರ್ತಿ ಜೀರ್ಣಿಸಿಕೊಳ್ಳುತ್ತವೆ. ಮೇಲಿನಿಂದ ಕಟ್ಟುತ್ತಾ ಕೆಳಗಿನಿಂದ ತಿನ್ನುತ್ತಾ ಹೋಗುವ ಈ ಎರಿಯ ಉಸಿರಾಟ, ಅಳತೆಯಾದ ದೊಡ್ಡ ಹುತ್ತಗಳಲ್ಲಿ, ಗೆದ್ದಲುಗಳ ಉಸಿರಾಟವನ್ನು ಮೀರಿಸುತ್ತದೆ. ಗೋಪುರದ ಅಗತ್ಯ ಇಲ್ಲಿಂದಲೇ ಬರುತ್ತದೆ.

ತೋಟ ಕೆಡುವುದನ್ನು ನಾವೇ ನೋಡಿದೆವು. ಸೀಳಿನಿಂದ ಬಿದ್ದ ಒಂದು ಎರಿಯ ತುಂಡನ್ನು, ಗೆದ್ದಲುಗಳಿಲ್ಲದಂತೆ ಕೊಡವಿ, ಮುಚ್ಚಳದ ಡಬ್ಬದಲ್ಲಿ ಒದ್ದೆ ಹತ್ತಿಯ ಜೊತೆಗಿಟ್ಟಿದ್ದೆ. ಕೆಲವೇ ದಿನಗಳಲ್ಲಿ ಬಿಳಿ ಬೂಷ್ಟು ಅದನ್ನು ಕವಿದು, ಆಮೇಲೆ ಬೆರಳಿನಂತಹ ಎಳೆಗಳು ಎದ್ದವು. ಹೀಗೆ ಏಳುವ ಕಳೆ ಹೆಚ್ಚಾಗಿ ಸೂಡೋಕ್ಸೈಲೇರಿಯಾ. ಅದು ಎರಿಯಲ್ಲಿ ಮೊದಲಿನಿಂದಲೂ ಅಡಗಿರುತ್ತದೆ. ಗೆದ್ದಲುಗಳಿರುವವರೆಗೆ ತಲೆ ಎತ್ತುವುದಿಲ್ಲ. ಒಬೇಸಸ್ ಗೆದ್ದಲುಗಳು ಬೆಳೆ ಮತ್ತು ಕಳೆಗಳ ವಾಸನೆಯ ವ್ಯತ್ಯಾಸವನ್ನು ಗುರುತಿಸಿ, ಕಳೆ ಹಿಡಿದ ಭಾಗವನ್ನು ಮಣ್ಣಿನಿಂದ ಹೂತುಬಿಡುತ್ತವೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಬೆರಳಿನಂತಹ ಎಳೆಗಳು ಎದ್ದ ಎರಿ ಕಂಡರೆ ಅಲ್ಲಿ ಆರೈಕೆ ನಿಂತಿದೆ ಎಂದು ತಿಳಿಯಬಹುದು.

ಗುಂಡುಗಳನ್ನು ಗೆದ್ದಲುಗಳು ಮೇಯುತ್ತಲೇ ಇರುವುದರಿಂದ ಗೂಡಿನೊಳಗೆ ಕೊಡೆಯಂತಹ ಅಣಬೆ ಏಳುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಕೆಲವು ಎರಿಗಳಿಂದ ಉದ್ದನೆಯ ಬೇರಿನಂತಹ ಕಾಂಡ ಮಣ್ಣನ್ನು ಸೀಳಿ ಮೇಲೆ ಬಂದು ಅಣಬೆಯಾಗಿ ಅರಳುತ್ತದೆ. ಗೋವಾದ ರಸ್ತೆಬದಿಗಳಲ್ಲಿ ಎಲೆಯಲ್ಲಿ ಕಟ್ಟಿ ಮಾರುವ ರೋಣ್ ಅಳಂಬೆ ಇದೇ. ಕೊಂಕಣಿಯಲ್ಲಿ ರೋಣ್ ಎಂದರೆ ಹುತ್ತ. ಅದನ್ನು ಕೀಳುವಾಗ ಕಾಂಡ ಕೆಳಗೆ ಇನ್ನೂ ಇನ್ನೂ ಉದ್ದವಾಗಿ ಹೋಗುವುದನ್ನು ಗಮನಿಸಿ. ಅದರ ಇನ್ನೊಂದು ತುದಿ ತೋಟದಲ್ಲಿದೆ.

ಈ ಅಣಬೆಗೂ ಹೊಸ ಹುತ್ತಕ್ಕೂ ನಂಟಿದೆ. ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ರೆಕ್ಕೆಯ ಈಸುಳ್ಳೆಗಳು, ಒಡೊಂಟೋಟರ್ಮಿಸ್ ಕುಲದಲ್ಲಿ, ತವರಿನಿಂದ ಶಿಲೀಂಧ್ರವನ್ನು ಒಯ್ಯುವುದಿಲ್ಲ. ಜೋಡಿ ನೆಲದೊಳಗೆ ಸೇರಿ ತನ್ನ ಮೈಯ ಸಂಗ್ರಹದಿಂದಲೇ ಮೊದಲ ಮರಿಗಳನ್ನು ಸಾಕುತ್ತದೆ. ಆ ಮರಿಗಳು ಕೆಲಸಗಾರರಾಗಿ ಮೊದಲ ಬಾರಿ ಹೊರಗೆ ಹೋದಾಗ, ಅಣಬೆಗಳಿಂದ ಉದುರಿ ಕಸಕಡ್ಡಿಯ ಮೇಲೆ ಕುಳಿತ ಬೀಜಕಣಗಳನ್ನು ತಿಂದು ಬರುತ್ತವೆ, ಮೊದಲ ಎರಿ ಅದರಿಂದ ಹುಟ್ಟುತ್ತದೆ. ಆ ಸುತ್ತಿನಲ್ಲಿ ಅಣಬೆಯೇ ಅರಳದಿದ್ದರೆ ಹೊಸ ಜೋಡಿಯ ತೋಟಕ್ಕೆ ಬೀಜ ಸಿಗುವುದಿಲ್ಲ. ಹೀಗಾಗಿ ರೋಣ್ ಅಳಂಬೆ ಕೀಳುವವರಿಗೆ, ಹುತ್ತದ ಬುಡದಲ್ಲಿ ಒಂದೆರಡನ್ನು ಕೊಡೆ ಪೂರ್ತಿ ಬಿಚ್ಚುವವರೆಗೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿದ್ದೇನೆ, ಏಕೆಂದರೆ ಬೀಜಕಣ ಉದುರುವುದು ಕೊಡೆ ಬಿಚ್ಚಿದ ಮೇಲೆ.