‘ಬೇಕಾದಷ್ಟು ನೀರು’ ಎಂದು ಬರೆದ ಕಾರ್ಡ್

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಊಟದ ಹೋಟೆಲುಗಳ ಅಡುಗೆಮನೆಗೆ ಹೋದಾಗ ಮಾಲೀಕರು ಹೆಮ್ಮೆಯಿಂದ ರೆಸಿಪಿ ಕಾರ್ಡ್ ತೋರಿಸುತ್ತಾರೆ. ಲ್ಯಾಮಿನೇಷನ್ ಮಾಡಿಸಿ ಒಲೆಯ ಎದುರಿನ ಗೋಡೆಗೆ ಹಾಕಿರುತ್ತಾರೆ. ತೊಗರಿಬೇಳೆ ಇಷ್ಟು, ಹುಣಸೆಹಣ್ಣು ಇಷ್ಟು, ಸಾಂಬಾರ್ ಪುಡಿ ಇಷ್ಟು ಎಂದು ಗ್ರಾಂ ಲೆಕ್ಕದಲ್ಲಿ ಬರೆದಿರುತ್ತದೆ. ಕೊನೆಯ ಸಾಲು ಮಾತ್ರ ಎಲ್ಲ ಕಡೆಯೂ ಒಂದೇ: ‘ನೀರು – ಬೇಕಾದಷ್ಟು’. ಆ ಒಂದು ಸಾಲಿನಿಂದ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಹಾಗಾಗಿ ಈ ಸಲ ಅದೊಂದನ್ನೇ ಬಿಡಿಸಿ ಬರೆಯುತ್ತೇನೆ.

ಶಿವಮೊಗ್ಗದ ಒಂದು ಊಟದ ಹೋಟೆಲಿನ ವಿಷಯ. ಮಧ್ಯಾಹ್ನದ ಪಾಳಿಗೆ ಒಬ್ಬರು ಭಟ್ಟರು, ರಾತ್ರಿಯ ಪಾಳಿಗೆ ಇನ್ನೊಬ್ಬರು. ಮಧ್ಯಾಹ್ನದ ಸಾಂಬಾರ್ ಸಪ್ಪೆ, ರಾತ್ರಿಯದ್ದು ಉಪ್ಪು ಎಂದು ಗಿರಾಕಿಗಳ ದೂರು. ಇಬ್ಬರ ಎದುರಿಗೂ ಇದ್ದದ್ದು ಒಂದೇ ಕಾರ್ಡ್. ಇಬ್ಬರೂ ಅದರಂತೆ 2 ಕಿಲೋ ಬೇಳೆ, 180 ಗ್ರಾಂ ಉಪ್ಪು ತೂಗಿಯೇ ಹಾಕುತ್ತಿದ್ದರು. “ನಾನಂತೂ ಒಂದು ಗ್ರಾಂ ಆಚೆ ಈಚೆ ಮಾಡಲ್ಲ ಸರ್, ನೀವೇ ನಿಂತು ನೋಡಿ” ಎಂದರು ರಾತ್ರಿಯ ಭಟ್ಟರು. ಅವರ ಮಾತು ನಿಜವೇ ಆಗಿತ್ತು. ಆದರೆ ಸಾಂಬಾರ್ ಇಳಿಸಿದ ಮೇಲೆ ಅಳೆದರೆ ಮಧ್ಯಾಹ್ನದ ದಬರಿಯಲ್ಲಿ 23 ಲೀಟರ್, ರಾತ್ರಿಯದರಲ್ಲಿ 16 ಲೀಟರ್. ಮಧ್ಯಾಹ್ನ ಗಿರಾಕಿ ಜಾಸ್ತಿ, ಸಾಲದೆ ಹೋದೀತು ಎಂಬ ಭಯಕ್ಕೆ ಒಬ್ಬರು ಕೈಬಿಟ್ಟು ನೀರು ಹಾಕುತ್ತಿದ್ದರು. ಇನ್ನೊಬ್ಬರಿಗೆ ಸಾಂಬಾರ್ ಗಟ್ಟಿಯಾಗಿದ್ದರೇ ಸಮಾಧಾನ, ಚೆನ್ನಾಗಿ ಕುದಿಸಿ ಇಂಗಿಸುತ್ತಿದ್ದರು.

ಈಗ ಉಪ್ಪಿನ ಲೆಕ್ಕ ನೋಡಿ. 180 ಗ್ರಾಂ ಉಪ್ಪು 20 ಲೀಟರಿಗೆ ಬಿದ್ದರೆ ಲೀಟರಿಗೆ 9 ಗ್ರಾಂ. ಅದೇ ಉಪ್ಪು 23 ಲೀಟರಿಗೆ ಹಂಚಿದರೆ ಲೀಟರಿಗೆ 8 ಗ್ರಾಂ ಕೂಡ ಇಲ್ಲ. 16 ಲೀಟರಿಗೆ ಇಳಿದರೆ 11 ಗ್ರಾಂ ದಾಟುತ್ತದೆ. ಈ ವ್ಯತ್ಯಾಸ ಯಾರ ನಾಲಿಗೆಗಾದರೂ ತಿಳಿಯುತ್ತದೆ. ಕುದಿಯುವಾಗ ಹೋಗುವುದು ನೀರು ಮಾತ್ರ. ಉಪ್ಪು, ಹುಳಿ, ಖಾರ ದಬರಿಯಲ್ಲೇ ಉಳಿಯುತ್ತವೆ. ಆದ್ದರಿಂದ ಎಷ್ಟು ಹಾಕಿದಿರಿ ಎಂಬುದರ ಜೊತೆಗೆ ಕೊನೆಗೆ ಎಷ್ಟು ಆಯಿತು ಎಂಬುದೂ ಕಾರ್ಡಿನಲ್ಲಿ ಇರಲೇಬೇಕು. ‘ಇಳಿಸುವಾಗ 20 ಲೀಟರ್, ತರಕಾರಿ ಸೇರಿ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ನೀರನ್ನು ಮೊದಲೇ ಅಳೆದು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಉರಿ ಎಷ್ಟು, ದಬರಿಯ ಬಾಯಿ ಎಷ್ಟು ಅಗಲ, ಮುಚ್ಚಳ ಇತ್ತೇ ಇಲ್ಲವೇ ಎಂಬುದರ ಮೇಲೆ ಇಂಗುವ ನೀರು ದಿನದಿನವೂ ಬೇರೆ. ಬೇಳೆ ಹಳೆಯದಾಗಿದ್ದರೆ ಬೇಯುವುದಕ್ಕೇ ಹೆಚ್ಚು ಹೊತ್ತು ಬೇಕು.

ಅಳೆಯುವುದು ಕಷ್ಟದ ಕೆಲಸವಲ್ಲ. ಒಂದು ಸ್ಟೀಲ್ ಕೋಲು ತೆಗೆದುಕೊಳ್ಳಿ. ಖಾಲಿ ದಬರಿಯನ್ನು ಸಮತಟ್ಟಾದ ಕಡೆ ಇಟ್ಟು 5 ಲೀಟರ್ ನೀರು ಹೊಯ್ದು, ಕೋಲನ್ನು ನಟ್ಟನಡುವೆ ನೆಟ್ಟಗೆ ಇಳಿಸಿ, ನೀರು ಮುಟ್ಟಿದ ಕಡೆ ಅರದಿಂದ ಗೀರು ಹಾಕಿ. ಮತ್ತೆ 5 ಲೀಟರ್, ಮತ್ತೊಂದು ಗೀರು. ದಬರಿಯ ತಳ ಗುಂಡಗಿರುವುದರಿಂದ ಗೀರುಗಳು ಸಮ ಅಂತರದಲ್ಲಿ ಬರುವುದಿಲ್ಲ, ಸ್ಕೇಲು ಹಿಡಿದು ಗುರುತು ಹಾಕಬೇಡಿ. ಸಾಂಬಾರ್ ಅಳೆಯುವಾಗ ಉರಿ ಆರಿಸಿ, ಕುದಿ ನಿಂತು ಮೇಲ್ಮೈ ಸಮವಾದ ಮೇಲೆ ಕೋಲು ಇಳಿಸಿ. 20ರ ಗೀರಿಗಿಂತ ಕೆಳಗಿದ್ದರೆ ಬಿಸಿನೀರು ಹಾಕಿ ಗೀರಿಗೆ ತಂದು ಒಂದು ಕುದಿ ಬರಿಸಿ. ಉಪ್ಪು ಹಾಕಬೇಡಿ. ನೀರು ಸೇರಿಸಿದೆವಲ್ಲ, ಒಂದು ಚಿಟಿಕೆ ಉಪ್ಪೂ ಇರಲಿ ಎಂದು ಕೈ ತಾನಾಗಿಯೇ ಡಬ್ಬಿಗೆ ಹೋಗುತ್ತದೆ. ಅಲ್ಲೇ ತಪ್ಪುವುದು. ಇಂಗಿದ ನೀರನ್ನು ಮರಳಿ ಕೊಡುತ್ತಿದ್ದೀರಿ ಅಷ್ಟೇ, ಉಪ್ಪು ಆಗಲೇ ಅಲ್ಲಿದೆ. ಗೀರಿಗಿಂತ ಮೇಲಿದ್ದರೆ ಮುಚ್ಚಳ ತೆಗೆದು ಇನ್ನಷ್ಟು ಕುದಿಸಿ.

ಈ ಅಳತೆ ಬಡಿಸಲು ಶುರುಮಾಡುವ ಮೊದಲು ಮಾತ್ರ. ಬಡಿಸಲು ತೊಡಗಿದ ಮೇಲೆ ದಬರಿಯಲ್ಲಿ ಕಡಿಮೆಯಾದದ್ದು ಎಲೆಗೆ ಹೋಯಿತೋ ಆವಿಯಾಗಿ ಹೋಯಿತೋ ಎಂದು ಕೋಲು ಹೇಳಲಾರದು. ಹೆಚ್ಚಿನ ಹೋಟೆಲುಗಳಲ್ಲಿ ಬಡಿಸುವಷ್ಟು ಹೊತ್ತೂ ದಬರಿ ಉರಿಯ ಮೇಲೇ ಇರುತ್ತದೆ. ಹನ್ನೆರಡಕ್ಕೆ ಉಂಡವರಿಗೂ ಮೂರಕ್ಕೆ ಉಂಡವರಿಗೂ ಬೇರೆ ಬೇರೆ ಸಾಂಬಾರ್. ಅದಕ್ಕೇ ಅಳತೆಗೆ ಬಂದ ಸಾಂಬಾರನ್ನು ಚಿಕ್ಕ ಪಾತ್ರೆಗಳಿಗೆ ಹಂಚಿ, ಮುಚ್ಚಿಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಇಡಿ ಎನ್ನುತ್ತೇನೆ. ನೀರು ಬರೀ ಬೆಚ್ಚಗಿದ್ದರೆ ಆಗದು, ಸಾಂಬಾರ್ ಹೊಗೆಯಾಡುವಷ್ಟು ಬಿಸಿಯಾಗಿಯೇ ಇರಬೇಕು, ಇಲ್ಲವಾದರೆ ಹಳಸುವ ಅಪಾಯ.

ಬಡಿಸುವ ಸೌಟೂ ಕಾರ್ಡಿಗೆ ಸೇರಿದ್ದೇ. 20 ಲೀಟರ್ ಸಾಂಬಾರ್ 150 ಮಿಲಿಯ ಸೌಟಿನಲ್ಲಿ 133 ಸಲ ಬರುತ್ತದೆ, 200 ಮಿಲಿಯದ್ದರಲ್ಲಿ ನೂರೇ ಸಲ. ಕಣ್ಣಿಗೆ ಎರಡು ಸೌಟೂ ಒಂದೇ ಥರ ಕಾಣುತ್ತವೆ. ಕೊನೆಗೆ ಸಾಲದೆ ಬಂದಾಗ ಭಟ್ಟರು ನೀರು ಸೇರಿಸುತ್ತಾರೆ, ಬೈಗುಳ ಅವರಿಗೇ. ಎರಡನೇ ಸಲ ಬಡಿಸುವ ಊಟದಲ್ಲಿ ಇದು ಇನ್ನೂ ಜೋರು. ಅಳತೆ ಕೆತ್ತಿದ ಒಂದೇ ಸೌಟು ಸಾಂಬಾರಿಗೆ ಇರಲಿ, ಬೇರೆ ಸೌಟು ಆ ಪಾತ್ರೆಯ ಹತ್ತಿರ ಬರಬಾರದು. ಪ್ರತಿ ಸಲವೂ ತಳದಿಂದ ತಿರುವಿ ತೆಗೆಯಬೇಕು ಎಂಬುದನ್ನೂ ಬರೆಯಿರಿ. ಇಲ್ಲವಾದರೆ ಮೊದಲ ಪಂಕ್ತಿಗೆ ತಿಳಿ, ಕೊನೆಯ ಪಂಕ್ತಿಗೆ ಬೇಳೆ.

ಕಾರ್ಡ್ ಎಂದರೆ ಭಟ್ಟರ ಕೈರುಚಿಗೆ ಅವಮಾನ ಎಂದುಕೊಳ್ಳುವವರಿದ್ದಾರೆ. “ಅದೆಂತ ಬರ್ಕೊಳ್ಳೋದು ಸರ್, ಕೈಗೆ ಗೊತ್ತಾಗುತ್ತೆ” ಎಂದ ಹಿರಿಯರೊಬ್ಬರ ಕೈಗೆ ನಿಜವಾಗಿಯೂ ಗೊತ್ತಿತ್ತು. ಅಂಥವರನ್ನು ‘ಎಷ್ಟು ಹಾಕ್ತೀರಿ’ ಎಂದು ಕೇಳಬೇಡಿ, ಅವರಿಗೆ ಅದು ಗ್ರಾಂನಲ್ಲಿ ಗೊತ್ತಿರುವುದಿಲ್ಲ. ಅವರು ಅಡುಗೆಗೆ ಇಳಿಯುವ ಮೊದಲು ಉಪ್ಪಿನ ಡಬ್ಬಿ, ಪುಡಿಯ ಡಬ್ಬಿ ತೂಗಿಡಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೇ ಅವರ ಅಳತೆ. ಮೂರು ದಿನ ಹೀಗೆ ಮಾಡಿ, ಜೊತೆಗೆ ದಬರಿಯಲ್ಲಿ ಎಷ್ಟು ಲೀಟರ್ ಆಯಿತು ಎಂದು ಬರೆದುಕೊಂಡರೆ ಅವರ ಕೈರುಚಿಯೇ ಕಾರ್ಡಿಗೆ ಇಳಿಯುತ್ತದೆ. ಕಲ್ಲುಪ್ಪೋ ಪುಡಿಯುಪ್ಪೋ ಎಂದು ಬರೆಯುವುದು ಮರೆಯಬೇಡಿ, ಚಮಚದಲ್ಲಿ ಅಳೆದರೆ ಎರಡರ ತೂಕ ಒಂದಾಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಕಲ್ಲುಪ್ಪು ನೀರು ಹೀರಿ ಭಾರವಾಗುತ್ತದೆ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಹುಳಿಯ ವಿಷಯದಲ್ಲಿ ಮಾತ್ರ ನಾನು ತಕ್ಕಡಿಯನ್ನು ಪೂರ್ತಿ ನಂಬುವುದಿಲ್ಲ. ಹೊಸ ಹುಣಸೆಗೂ ಹಳೆಯದಕ್ಕೂ ಹುಳಿ ಬೇರೆ. ಬೆಳಿಗ್ಗೆ ಒಮ್ಮೆ ಇಡೀ ದಿನಕ್ಕೆ ಬೇಕಾದ ರಸ ಕಿವುಚಿ, ಕುದಿಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟು, ಎರಡೂ ಪಾಳಿಯವರು ಅದನ್ನೇ ಅಳೆದು ಬಳಸಲಿ. ಹುಣಸೆಯ ಚೀಲ ಬದಲಾದ ದಿನ ಇಬ್ಬರೂ ಭಟ್ಟರು ಒಟ್ಟಿಗೆ ರುಚಿ ನೋಡಿ ರಸದ ಅಳತೆ ತಿದ್ದಬೇಕು, ತಿದ್ದಿದ್ದನ್ನು ತಾರೀಕು ಹಾಕಿ ಕಾರ್ಡಿನಲ್ಲೇ ಬರೆಯಬೇಕು.

ಭಾನುವಾರಕ್ಕೆಂದು 40 ಲೀಟರ್ ಮಾಡುವಾಗ ಬೇಳೆ, ಉಪ್ಪು ದುಪ್ಪಟ್ಟು ಮಾಡಿ. ನೀರನ್ನು ಮಾತ್ರ ಕಣ್ಣು ಮುಚ್ಚಿ ದುಪ್ಪಟ್ಟು ಸುರಿಯಬೇಡಿ. ದೊಡ್ಡ ದಬರಿಯ ಬಾಯಿ ಎರಡರಷ್ಟು ಅಗಲವಿರುವುದಿಲ್ಲ, ಇಂಗುವುದೂ ಎರಡರಷ್ಟಾಗುವುದಿಲ್ಲ. ಸ್ವಲ್ಪ ಕಡಿಮೆ ನೀರಿನಿಂದ ಶುರುಮಾಡಿ ಕೊನೆಗೆ ಗೀರಿಗೆ ತನ್ನಿ. ಆ ದಬರಿಗೆ ಅದರದ್ದೇ ಕೋಲು ಬೇಕು. ಕೋಲಿನ ತುದಿಗೂ ದಬರಿಯ ಕಿವಿಗೂ ಒಂದೇ ಬಣ್ಣದ ಗುರುತು ಹಾಕಿಡಿ, ರಾತ್ರಿ ಪಾತ್ರೆ ತೊಳೆಯುವ ಹುಡುಗರಿಗೂ ಯಾವುದು ಯಾವುದರ ಜೊತೆ ಎಂದು ತಿಳಿಯುವಂತೆ.