ಮಂಗನ ಕಾಯಿಲೆ ಮತ್ತು ರೋಗಿಗಳ ಪಟ್ಟಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ, ಮುಖ್ಯವಾಗಿ ಸೋಂಕು ತಗುಲಿದ ಉಣುಗು ಕಚ್ಚುವುದರಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ. ಊರಿನ ರೋಗಿಗಳ ಪಟ್ಟಿಯೊಂದನ್ನೇ ಇಟ್ಟುಕೊಂಡು ಇದನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂಬುದಕ್ಕೆ ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ.

ಸಾಗರದ ಕಡೆಯ 240 ಜನರ ಹಳ್ಳಿಯಲ್ಲಿ 15 ಮಂದಿಗೆ ಕಾಯಿಲೆ ಬಂದಿದೆ. ಒಟ್ಟು ದಾಳಿ ದರ, ಅಂದರೆ ನೂರಕ್ಕೆ ಎಷ್ಟು ಜನ ಕಾಯಿಲೆ ಬಿದ್ದರು ಎಂಬ ಲೆಕ್ಕ, ಸುಮಾರು 6. ಈ ಸಂಖ್ಯೆಯಿಂದ ಹೆಚ್ಚೇನೂ ತಿಳಿಯದು. ಜನರನ್ನು ವಿಂಗಡಿಸಿದಾಗ ಮಾತ್ರ ಅದು ಬಾಯಿ ಬಿಡುತ್ತದೆ: ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋದ 60 ಜನರಲ್ಲಿ 12 ಮಂದಿ, ಅಂದರೆ ನೂರಕ್ಕೆ 20, ಹೋಗದ 180 ಜನರಲ್ಲಿ 3 ಮಂದಿ, ನೂರಕ್ಕೆ 2ಕ್ಕೂ ಕಡಿಮೆ. ಹನ್ನೆರಡು ಪಟ್ಟಿನ ಈ ಅಂತರ ಕಾಡಿನತ್ತ ಬೆರಳು ಮಾಡುತ್ತದೆ. ಆದರೂ ಆ ಮೂವರನ್ನು ಬದಿಗೆ ಸರಿಸುವಂತಿಲ್ಲ. ಅಂಗಳಕ್ಕೆ ತಂದು ರಾಶಿ ಹಾಕಿದ ತರಗೆಲೆಯೊಳಗೆ ಉಣುಗುಗಳೂ ಬಂದಿರಬಹುದಾದ್ದರಿಂದ ಅವರ ಮನೆಗಳನ್ನೇ ಮೊದಲು ನೋಡಬೇಕು.

ಉಣುಗು ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 8 ದಿನ ಬೇಕು. ಹೀಗಾಗಿ ಜನವರಿ 20ರಂದು ಜ್ವರ ಬಂದವರಿಗೆ 12 ಮತ್ತು 17ರ ನಡುವೆ ಸೋಂಕು ತಗುಲಿರಬೇಕು. ಎಲ್ಲರಿಗೂ ಒಂದೇ ದಿನ ತಗುಲಿದ್ದರೆ ಜ್ವರಗಳೆಲ್ಲ ಹೆಚ್ಚುಕಡಿಮೆ ಒಂದು ವಾರದೊಳಗೆ ಶುರುವಾಗಿ, ಯಾವ ದಿನ ಎಷ್ಟು ಮಂದಿಗೆ ಜ್ವರ ಬಂತು ಎಂದು ತೋರಿಸುವ ನಕ್ಷೆಯಲ್ಲಿ ಒಂದೇ ದಿಬ್ಬ ಮೂಡುತ್ತಿತ್ತು. ರೋಗಿಯಿಂದ ಆರೈಕೆ ಮಾಡಿದವರಿಗೆ ಹರಡಿದ್ದರೆ, ಕೆಲವು ದಿನಗಳ ಅಂತರದಲ್ಲಿ ಅದೇ ಮನೆಗಳಲ್ಲಿ ಎರಡನೆಯ ದಿಬ್ಬ ಏಳಬೇಕಿತ್ತು. ಇಲ್ಲಿ ಎರಡೂ ಇಲ್ಲ. ಐದು ವಾರಗಳ ಉದ್ದಕ್ಕೂ ಒಂದೊಂದಾಗಿ ಬಂದ ಪ್ರಕರಣಗಳು, ಸೋಂಕಿನ ಮೂಲ ಕಾಡಿನಲ್ಲಿ ಇನ್ನೂ ಉಳಿದಿದೆ, ಜನ ಅಲ್ಲಿಗೆ ಹೋಗುತ್ತಲೇ ಇದ್ದಾರೆ ಎನ್ನುತ್ತವೆ. ಈ ನಕ್ಷೆಯನ್ನು ಜ್ವರ ಆರಂಭವಾದ ದಿನದ ಪ್ರಕಾರವೇ ಬರೆಯಬೇಕು. ಪರೀಕ್ಷೆಯ ವರದಿ ಬಂದ ದಿನವನ್ನು ಹಿಡಿದರೆ, ಆರೋಗ್ಯ ಶಿಬಿರ ನಡೆದ ವಾರದಲ್ಲಿ ಇಲ್ಲದ ದಿಬ್ಬವೊಂದು ಎದ್ದು ನಿಲ್ಲುತ್ತದೆ.

ಸಾಮೂಹಿಕ ರೋಗನಿರೋಧಕತೆಯ ಪ್ರಶ್ನೆಯಲ್ಲಿ ಬಹಳ ಮಂದಿ ಎಡವುತ್ತಾರೆ. ದಡಾರದ ಒಬ್ಬ ರೋಗಿ, ಯಾರಿಗೂ ರಕ್ಷಣೆಯಿಲ್ಲದ ಸಮುದಾಯದಲ್ಲಿ ಸುಮಾರು 12ರಿಂದ 18 ಜನರಿಗೆ ಸೋಂಕು ದಾಟಿಸಬಲ್ಲ. ನೂರಕ್ಕೆ 95ರಷ್ಟು ಜನರಿಗೆ ರಕ್ಷಣೆಯಿದ್ದರೆ ಆ ಸರಪಳಿ ತುಂಡಾಗಿ, ಲಸಿಕೆ ಪಡೆಯದ ಕೂಸೂ ಬಹುಮಟ್ಟಿಗೆ ಸುರಕ್ಷಿತ. ಮಂಗನ ಕಾಯಿಲೆಯಲ್ಲಿ ಮನುಷ್ಯರ ನಡುವೆ ತುಂಡರಿಸಲು ಸರಪಳಿಯೇ ಇಲ್ಲ. ವೈರಸ್ಸು ಸುತ್ತುವುದು ಉಣುಗು ಮತ್ತು ಕಾಡುಪ್ರಾಣಿಗಳ ನಡುವೆ. ಪರಿಣಾಮಕಾರಿ ಲಸಿಕೆಯೊಂದನ್ನು ಆ 60 ಜನರಲ್ಲಿ 50 ಮಂದಿಗೆ ಹಾಕಿದರೂ ಊರಿನ ಒಟ್ಟು ಪ್ರಕರಣಗಳು ಇಳಿಯುತ್ತವೆಯೇ ಹೊರತು, ಉಳಿದ ಹತ್ತು ಮಂದಿ ಮೊದಲಿನಂತೆ ಕಾಡಿಗೆ ಹೋದರೆ ಅವರಲ್ಲಿ ಇಬ್ಬರು ಕಾಯಿಲೆ ಬೀಳುವ ನಿರೀಕ್ಷೆ ಹಾಗೆಯೇ ಇರುತ್ತದೆ.