ಕ್ರ್ಯಾಕ್ ಟೆಸ್ಟ್ ಸೇರಿಸಿದರೆ ಸಿವಿಯರಿಟಿ ಅಂಕ ಇಳಿಸಬಹುದಾ?

ಪ್ರಶ್ನೆ: ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಹಾಯ್ಸ್ಟ್‌ಗೆ ಹೊಸ ಗೇರ್‌ಬಾಕ್ಸ್ ಡಿಸೈನ್ ಮಾಡುತ್ತಿದ್ದೇವೆ. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿ ಅಂಕ ಹಾಕುವ ಡಿಸೈನ್ ಎಫ್‌ಎಂಇಎಯಲ್ಲಿ ಗೇರ್ ಹಲ್ಲು ಮುರಿಯುವುದಕ್ಕೆ ಸಿವಿಯರಿಟಿ 10 ಹಾಕಿದ್ದೆವು. ಈಗ ಪ್ರತಿ ಗೇರಿಗೂ ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಇದೆ. ಅದನ್ನು 7ಕ್ಕೆ ಇಳಿಸಬಹುದಾ?

ಉತ್ತರ: ಇಳಿಸುವ ಹಾಗಿಲ್ಲ. ಹಲ್ಲು ಮುರಿದೇ ಹೋಯಿತು ಅಂದುಕೊಳ್ಳಿ, ಆಮೇಲೆ ಏನಾಗುತ್ತದೆ? ಸಿವಿಯರಿಟಿ ಕೇಳುವುದು ಇಷ್ಟೇ. ಹಾಯ್ಸ್ಟ್‌ನಲ್ಲಿ ಬ್ರೇಕ್ ಸಾಮಾನ್ಯವಾಗಿ ಮೋಟಾರ್ ಕಡೆ ಇರುತ್ತದೆ. ನಡುವಿನ ಗೇರಿನ ಹಲ್ಲುಗಳು ಹೋದರೆ ಬ್ರೇಕ್ ಮೋಟಾರನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತದೆ. ಆದರೆ ಹಗ್ಗ ಸುತ್ತುವ ಡ್ರಮ್‌ಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಭಾರ ಕೆಳಗೆ ಬೀಳುತ್ತದೆ. ನೀವು ಎಷ್ಟು ಟೆಸ್ಟ್ ಮಾಡಿದ್ದೀರಿ ಅನ್ನುವುದು ಅದಕ್ಕೆ ಗೊತ್ತಿಲ್ಲ. 10 ಸರಿಯಾಗಿಯೇ ಇದೆ.

ಹಾಗಾದರೆ ಡಿಟೆಕ್ಷನ್ ಅಂಕವಾದರೂ ಇಳಿಯುತ್ತದಾ? ಅದೂ ಇಲ್ಲ. ಡಿಸೈನ್ ಎಫ್‌ಎಂಇಎಯ ಡಿಟೆಕ್ಷನ್ ಅಂದರೆ, ಡ್ರಾಯಿಂಗ್ ಬಿಡುಗಡೆಗೆ ಮುಂಚೆಯೇ ಡಿಸೈನ್ ತಪ್ಪು ಸಿಕ್ಕಿಬೀಳುತ್ತದಾ ಅನ್ನುವುದು. ಶಾಪ್ ಫ್ಲೋರ್ ತಪಾಸಣೆ ಪ್ರೋಸೆಸ್ ಎಫ್‌ಎಂಇಎಗೆ ಸೇರಿದ್ದು. ಇನ್ನೊಂದು ತೊಂದರೆಯೂ ಇದೆ. ಗೇರ್ ಹಲ್ಲು ಕೊರೆಯುವ ಹಾಬ್ ಸರಿಯಾಗಿ ಆರಿಸದಿದ್ದರೆ, ಗ್ರೈಂಡಿಂಗ್ ಮಾಡುವಾಗ ಹಲ್ಲಿನ ಬುಡದಲ್ಲಿ ಸಣ್ಣ ಮೆಟ್ಟಿಲಿನಂಥ ಗುರುತು ಉಳಿಯುತ್ತದೆ. ಒತ್ತಡ ಕೂಡುವುದು ಅಲ್ಲೇ. ಹೊಸ ಗೇರಿನಲ್ಲಿ ಅಲ್ಲಿ ಬಿರುಕೇ ಇರುವುದಿಲ್ಲ, ಹಾಗಾಗಿ ಕ್ರ್ಯಾಕ್ ಟೆಸ್ಟ್ ಪಾಸ್ ಆಗಿಬಿಡುತ್ತದೆ. ಬಿರುಕು ಹುಟ್ಟುವುದು ಲಕ್ಷಾಂತರ ಸುತ್ತು ಹೊರೆ ಹೊತ್ತ ಮೇಲೆ. ಇದನ್ನು ಹಿಡಿಯಬೇಕಾದರೆ ಪ್ರೋಟೋಟೈಪ್ ಗೇರುಗಳನ್ನು ಹೆಚ್ಚು ಹೊರೆಯಲ್ಲಿ ದೀರ್ಘಕಾಲ ಓಡಿಸಿ ನೋಡಬೇಕು.

ನೀವು ನಿಜವಾಗಿ ಇಳಿಸಬಹುದಾದದ್ದು ಅಕರೆನ್ಸ್, ಅಂದರೆ ಹಲ್ಲು ಮುರಿಯುವ ಸಾಧ್ಯತೆ ಎಷ್ಟು ಅನ್ನುವ ಅಂಕ. ಬುಡದಲ್ಲಿ ಗ್ರೈಂಡಿಂಗ್‌ಗೆ ಜಾಗ ಬಿಡುವ ಪ್ರೊಟ್ಯೂಬರೆನ್ಸ್ ಹಾಬ್ ಬಳಸಿ. ಬುಡದ ರೇಡಿಯಸ್ ದೊಡ್ಡದು ಮಾಡಿ. ಬಾಗುವಿಕೆಯ ಬಲವನ್ನು ಐಎಸ್‌ಒ 6336-3ರ ಪ್ರಕಾರ ಮತ್ತೆ ಲೆಕ್ಕ ಹಾಕಿ. ಹೊಸ ಡಿಸೈನ್ ಆದ್ದರಿಂದ ಫೀಲ್ಡ್ ಅನುಭವ ಇಲ್ಲ, ಅಲ್ವಾ? ಟೆಸ್ಟ್ ಫಲಿತಾಂಶ ಕೈಗೆ ಬರುವ ತನಕ ಸುಮ್ನೆ 2 ಅಂತ ಬರೆಯಬೇಡಿ.

ಮೂರೂ ಅಂಕ ಗುಣಿಸಿ ಬರುವ ಆರ್‌ಪಿಎನ್ ನೋಡಿ ಮೋಸಹೋಗಬೇಡಿ. ಉದಾಹರಣೆಗೆ, ಹಲ್ಲು ಮುರಿಯುವುದಕ್ಕೆ 10, 4, 3 ಹಾಕಿದರೆ 120. ಆಯಿಲ್ ಸೀಲ್ ಸೋರುವುದಕ್ಕೆ 5, 6, 5 ಹಾಕಿದರೆ 150. ಈ ಲೆಕ್ಕ ನಂಬಿದರೆ ಮೊದಲು ಸೀಲ್ ಸರಿಮಾಡಬೇಕು! ವಾಹನ ಉದ್ಯಮದ ಎಐಎಜಿ-ವಿಡಿಎ ಕೈಪಿಡಿ 2019ರಲ್ಲಿ ಆರ್‌ಪಿಎನ್ ಕೈಬಿಟ್ಟು, ಸಿವಿಯರಿಟಿಗೆ ಜಾಸ್ತಿ ತೂಕ ಕೊಡುವ ಆಕ್ಷನ್ ಪ್ರಯಾರಿಟಿ ಪಟ್ಟಿ ತಂದಿತು. ಅದರಲ್ಲಿ ಹಲ್ಲಿಗೆ ಹೈ, ಸೀಲಿಗೆ ಮೀಡಿಯಂ. ನನ್ನ ಪ್ರಕಾರ ಹಾಯ್ಸ್ಟ್‌ಗೂ ಇದೇ ಕ್ರಮ ಸರಿ.

ಸಿವಿಯರಿಟಿ ಇಳಿಯಲೇಬೇಕು ಅಂದರೆ ಹಲ್ಲು ಮುರಿದ ಮೇಲೆ ಆಗುವುದನ್ನೇ ಬದಲಿಸಬೇಕು. ಡ್ರಮ್ ಮೇಲೆಯೇ ಎರಡನೇ ಬ್ರೇಕ್ ಕೂರಿಸಿ, ಡ್ರಮ್ ವೇಗ ಮೀರಿದ ಕೂಡಲೇ ಅದು ಕಚ್ಚುವ ಹಾಗೆ ಮಾಡಿದರೆ ಭಾರ ಬೀಳುವುದಿಲ್ಲ, ಹಾಯ್ಸ್ಟ್ ನಿಲ್ಲುತ್ತದೆ. ಆಗ 8 ಬರೆಯಬಹುದು. ಆದರೆ ಆ ಬ್ರೇಕ್‌ಗೆ, ಅದಕ್ಕೆ ಸುದ್ದಿ ಕೊಡುವ ಸ್ಪೀಡ್ ಸೆನ್ಸರ್‌ಗೆ ಎಫ್‌ಎಂಇಎಯಲ್ಲಿ ಹೊಸ ಸಾಲುಗಳು ಬೇಕು. ಸೆನ್ಸರ್ ಕೆಟ್ಟಿದ್ದು ಯಾರಿಗೂ ತಿಳಿಯದೇ ಉಳಿದರೆ ಏನು ಅನ್ನುವ ಸಾಲನ್ನು ಮೊದಲು ಬರೆಯಿರಿ.